290 ಮೆಗಾಹರ್ಟ್ಸ್‌ನ ಗೆರೆ ಯಾರದು: ರೇಡಿಯೋದ್ದೋ, ಅನಲೈಸರ್‌ನದೋ?

145 ಮೆಗಾಹರ್ಟ್ಸ್‌ನಲ್ಲಿ 5 ವ್ಯಾಟ್ ಕೊಡುವ ಕೈಹಿಡಿ ರೇಡಿಯೋ. ಇದರ ಎರಡನೇ ಹಾರ್ಮಾನಿಕ್ 290 ಮೆಗಾಹರ್ಟ್ಸ್‌ನಲ್ಲಿ ಎಷ್ಟಿದೆ ಎಂದು ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ನೋಡಬೇಕು. ಕೇಬಲ್ ಸಿಕ್ಕಿಸಿ ಪಿಟಿಟಿ ಒತ್ತಿದರೆ 290ರಲ್ಲಿ ಒಂದು ಗೆರೆ ಏಳುವುದಂತೂ ಖಂಡಿತ. ಆ ಗೆರೆ ರೇಡಿಯೋದಿಂದ ಬಂತೋ ಅನಲೈಸರ್ ತಾನೇ ಹುಟ್ಟಿಸಿತೋ ಎಂಬುದನ್ನು ತೀರ್ಮಾನಿಸುವುದೇ ಈ ಅಳತೆಯ ಮುಕ್ಕಾಲು ಪಾಲು ಕೆಲಸ. ನಾನು ಅದನ್ನು ಮಾಡುವ ಕ್ರಮವನ್ನು, ಒಂದು ಅಳತೆಯ ಅಂಕಿಗಳನ್ನೇ ಮುಂದಿಟ್ಟುಕೊಂಡು, ಇಲ್ಲಿ ಬರೆದಿದ್ದೇನೆ.

ಮಿತಿಯಾಗಿ ಇಟ್ಟುಕೊಂಡದ್ದು ಬಹಳ ಕಡೆ ಬಳಕೆಯಲ್ಲಿರುವ ಸೂತ್ರ: ಹಾರ್ಮಾನಿಕ್ ಮೂಲ ಸಿಗ್ನಲ್‌ಗಿಂತ 43 + 10 log P ಡಿಬಿ ಕೆಳಗಿರಬೇಕು, P ಎಂದರೆ ವ್ಯಾಟ್‌ನಲ್ಲಿ ಪವರ್. ಲೆಕ್ಕ ಬಿಡಿಸಿದರೆ ರೇಡಿಯೋ ಎಷ್ಟೇ ವ್ಯಾಟ್‌ನದಾಗಿರಲಿ, ಹಾರ್ಮಾನಿಕ್‌ನ ಮಿತಿ −13 ಡಿಬಿಎಂಗೇ ಬಂದು ನಿಲ್ಲುತ್ತದೆ.

ಮೊದಲು ಜೋಡಣೆ. 5 ವ್ಯಾಟ್ ಎಂದರೆ 37 ಡಿಬಿಎಂ. ಸಾಮಾನ್ಯವಾಗಿ ಅನಲೈಸರ್‌ನ ಇನ್‌ಪುಟ್ ಪಕ್ಕದಲ್ಲೇ +30 ಡಿಬಿಎಂ ಗರಿಷ್ಠ ಎಂದು ಬರೆದಿರುತ್ತದೆ. ಹಾಗಾಗಿ ರೇಡಿಯೋದ ಆಂಟೆನಾ ಕನೆಕ್ಟರ್‌ಗೆ ನೇರವಾಗಿ 30 ಡಿಬಿಯ ಪವರ್ ಅಟೆನ್ಯುಯೇಟರ್ ಹಾಕುತ್ತೇನೆ. ಅದು ಕನಿಷ್ಠ 10 ವ್ಯಾಟ್ ತಡೆಯುವಂಥದ್ದಾಗಿರಬೇಕು. ಕೆಲವು ಪವರ್ ಅಟೆನ್ಯುಯೇಟರ್‌ಗಳಿಗೆ ದಿಕ್ಕಿದೆ, ‘ಇನ್’ ಎಂದಿರುವ ಬದಿಯೇ ರೇಡಿಯೋ ಕಡೆಗೆ ಬರಬೇಕು. ತಿರುಗಿಸಿ ಹಾಕಿದರೆ ಶಾಖ ತಡೆಯುವ ರೆಸಿಸ್ಟರ್ ಹಿಂದೆ ಉಳಿದು ಚಿಕ್ಕ ರೆಸಿಸ್ಟರ್ ಮುಂದೆ ಬಂದು ಸುಡುತ್ತದೆ. ಅಟೆನ್ಯುಯೇಟರ್ ಮತ್ತು ಕೇಬಲ್ ಸೇರಿ 145ರಲ್ಲಿ 30.3, 290ರಲ್ಲಿ 30.6 ಡಿಬಿ ನಷ್ಟ. ಎರಡು ಕಡೆ ಒಂದೇ ಸಂಖ್ಯೆ ಹಾಕಿ ಸುಮ್ಮನಾಗಬಾರದು. ಮಾಡ್ಯುಲೇಶನ್ ಇರಕೂಡದು, ಏಕೆಂದರೆ ಎರಡನೇ ಹಾರ್ಮಾನಿಕ್‌ನಲ್ಲಿ ಎಫ್‌ಎಂ ಡೀವಿಯೇಶನ್ ಎರಡು ಪಟ್ಟಾಗುತ್ತದೆ. ಆಗ ಕಿರಿದಾದ ಆರ್‌ಬಿಡಬ್ಲ್ಯೂನಲ್ಲಿ ಪವರ್ ಹರಡಿಕೊಂಡು ಗೆರೆ ಗಿಡ್ಡವಾಗಿ ಕಾಣುತ್ತದೆ. ಮೈಕನ್ನು ಬಟ್ಟೆಯಿಂದ ಮುಚ್ಚಿ, ಟೋನ್ ಆಫ್ ಮಾಡಿ, 10 ಸೆಕೆಂಡಿಗಿಂತ ಹೆಚ್ಚು ಒತ್ತದೆ ಅಳೆಯುತ್ತೇನೆ.

ಪವರ್ ಮೀಟರ್‌ನಲ್ಲಿ ಈ ರೇಡಿಯೋ ಕೊಟ್ಟದ್ದು 36.8 ಡಿಬಿಎಂ. ಅಂದರೆ ಅನಲೈಸರ್‌ನ ಇನ್‌ಪುಟ್‌ಗೆ ಮುಟ್ಟುವುದು 6.5 ಡಿಬಿಎಂ. ರೆಫರೆನ್ಸ್ ಲೆವೆಲ್ 10 ಡಿಬಿಎಂ ಇಟ್ಟಾಗ ಅನಲೈಸರ್ ತಾನಾಗಿ 20 ಡಿಬಿಯ ಒಳ ಅಟೆನ್ಯುಯೇಶನ್ ಆರಿಸಿಕೊಂಡಿತು. ತಪ್ಪು ಇಲ್ಲಿಂದ ಶುರು. ಪರದೆಯ ಮೇಲೆ ಎಲ್ಲವೂ ಸರಿಯಾಗಿ ಕಾಣುತ್ತದೆ, ಓವರ್‌ಲೋಡ್ ಎಂಬ ಎಚ್ಚರಿಕೆಯೂ ಬರುವುದಿಲ್ಲ. ಆದರೆ ಒಳಗಿನ ಮಿಕ್ಸರ್‌ಗೆ −13.5 ಡಿಬಿಎಂ ಬೀಳುತ್ತಿದೆ. ಈ ಅನಲೈಸರ್‌ನ ಎರಡನೇ ಹಾರ್ಮಾನಿಕ್ ಇಂಟರ್ಸೆಪ್ಟ್ +40 ಡಿಬಿಎಂ. ಮಿಕ್ಸರ್ ಹುಟ್ಟಿಸುವ ಹಾರ್ಮಾನಿಕ್ ಮೂಲಕ್ಕಿಂತ ಎಷ್ಟು ಕೆಳಗೆ ಎಂದು ತಿಳಿಯಲು ಇಂಟರ್ಸೆಪ್ಟ್‌ನಿಂದ ಮಿಕ್ಸರ್ ಮಟ್ಟವನ್ನು ಕಳೆದರೆ ಸಾಕು: 40 − (−13.5) = 53.5 ಡಿಬಿ. ಇನ್‌ಪುಟ್‌ನ ಲೆಕ್ಕದಲ್ಲಿ ಅದು −47 ಡಿಬಿಎಂ. ರೇಡಿಯೋ ಪೂರ್ತಿ ಶುದ್ಧವಾಗಿದ್ದರೂ −47ರಲ್ಲಿ ಒಂದು ಗೆರೆ ಕಾಣುತ್ತಿತ್ತು.

ಪತ್ತೆಗೆ ಉಪಾಯ ಸರಳ. ಅಟೆನ್ಯುಯೇಟರ್ ಅನ್ನು ಮ್ಯಾನ್ಯುಯಲ್‌ಗೆ ಹಾಕಿ 10 ಡಿಬಿ ಹೆಚ್ಚಿಸಿ, ಗೆರೆ ಅಲುಗುತ್ತದೆಯೇ ನೋಡುವುದು. ಒಳ ಅಟೆನ್ಯುಯೇಶನ್ ಎಷ್ಟಿದೆಯೆಂದು ಅನಲೈಸರ್‌ಗೆ ಗೊತ್ತಿರುವುದರಿಂದ ಅಷ್ಟನ್ನು ಸೇರಿಸಿಯೇ ತೋರಿಸುತ್ತದೆ. ಹಾಗಾಗಿ ಹೊರಗಿನಿಂದ ಬಂದ ನಿಜವಾದ ಸಿಗ್ನಲ್ ಇದ್ದಲ್ಲೇ ಇರಬೇಕು. ಒಳಗೆ ಹುಟ್ಟಿದ ಎರಡನೇ ಹಾರ್ಮಾನಿಕ್ ಮಾತ್ರ 10 ಡಿಬಿ ಇಳಿಯುತ್ತದೆ (ಮೂರನೆಯದಾದರೆ 20 ಡಿಬಿ). ಈ ರೇಡಿಯೋದಲ್ಲಿ 20 ಡಿಬಿಗೆ −45.2, 30ಕ್ಕೆ −51.7, 40ಕ್ಕೆ −54.8, 50ಕ್ಕೆ −55.9 ಡಿಬಿಎಂ ಬಂತು.

ಈ ನಾಲ್ಕು ಸಂಖ್ಯೆಗಳನ್ನು ನಿಧಾನವಾಗಿ ಓದಬೇಕು. ಗೆರೆ ಪೂರ್ತಿ ಅನಲೈಸರ್‌ನದೇ ಆಗಿದ್ದರೆ ಪ್ರತಿ ಹೆಜ್ಜೆಗೂ 10 ಇಳಿಯಬೇಕಿತ್ತು, ಪೂರ್ತಿ ರೇಡಿಯೋದ್ದಾಗಿದ್ದರೆ ಒಂದು ಕೂದಲೂ ಅಲುಗಬಾರದಿತ್ತು. ಇಲ್ಲಿ ಇಳಿತ 6.5, 3.1, 1.1 ಎಂದು ಸಣ್ಣದಾಗುತ್ತಾ ಹೋಗಿದೆ. ಎರಡೂ ಬೆರೆತಿವೆ, ಅನಲೈಸರ್‌ನ ಪಾಲು ಕರಗುತ್ತಾ ಬಂದಂತೆ ರೇಡಿಯೋದ ಪಾಲು ಬಯಲಾಗುತ್ತಿದೆ. ಒಂದೇ ಫ್ರೀಕ್ವೆನ್ಸಿಯ ಈ ಎರಡು ಸಿಗ್ನಲ್‌ಗಳು ವೋಲ್ಟೇಜ್ ಲೆಕ್ಕದಲ್ಲಿ ಕೂಡುತ್ತವೆ, ಆದ್ದರಿಂದ ಫೇಸ್ ಮುಖ್ಯ. ಅನಲೈಸರ್‌ನ ಪಾಲು ರೇಡಿಯೋದ್ದಕ್ಕಿಂತ 10 ಡಿಬಿ ಕಡಿಮೆ ಇದ್ದರೂ ಓದು 2.4 ಡಿಬಿ ಮೇಲಕ್ಕೋ 3.3 ಡಿಬಿ ಕೆಳಕ್ಕೋ ತಪ್ಪಬಹುದು. ಫೇಸ್ ಎದುರಾಗಿದ್ದರೆ ಅಟೆನ್ಯುಯೇಶನ್ ಹೆಚ್ಚಿಸಿದಾಗ ಗೆರೆ ಮೇಲೇರುವುದೂ ಉಂಟು. ಇಳಿದರೆ ಮಾತ್ರ ಅನುಮಾನ ಪಡುವವರು ಈ ಏರಿಕೆಯನ್ನು ಗಮನಿಸದೆ ಬಿಡುತ್ತಾರೆ, ಅದು ಇನ್ನೂ ಅಪಾಯ: ಕೆಟ್ಟ ರೇಡಿಯೋ ಒಳ್ಳೆಯದಾಗಿ ಕಾಣುತ್ತದೆ.

ಹಾಗಾದರೆ ಅಟೆನ್ಯುಯೇಶನ್ ಏರಿಸುತ್ತಲೇ ಹೋಗಬಹುದಲ್ಲ? ಆಗ ನಾಯ್ಸ್ ಅಡ್ಡ ಬರುತ್ತದೆ. ಈ ಅನಲೈಸರ್‌ನ ನಾಯ್ಸ್ ಫ್ಲೋರ್ 0 ಡಿಬಿ ಅಟೆನ್ಯುಯೇಶನ್‌ನಲ್ಲಿ, 1 ಹರ್ಟ್ಸ್ ಲೆಕ್ಕಕ್ಕೆ, ಸುಮಾರು −150 ಡಿಬಿಎಂ. ಆರ್‌ಬಿಡಬ್ಲ್ಯೂ 10 ಕಿಲೋಹರ್ಟ್ಸ್ ಆದರೆ 40 ಡಿಬಿ ಸೇರಿ −110. ಅದರ ಮೇಲೆ 50 ಡಿಬಿ ಅಟೆನ್ಯುಯೇಶನ್ ಸೇರಿದರೆ ಪರದೆಯ ಮೇಲೆ ನಾಯ್ಸ್ −60 ಡಿಬಿಎಂಗೆ ಏರಿ ನಿಲ್ಲುತ್ತದೆ. −56ರ ಸಿಗ್ನಲ್ ಅದರಿಂದ ಬರೀ 4 ಡಿಬಿ ಮೇಲೆ ತಲೆ ಎತ್ತಿರುತ್ತದೆ. ಇಷ್ಟು ಹತ್ತಿರದಲ್ಲಿ ಓದಿದ ಸಂಖ್ಯೆ ಸಿಗ್ನಲ್‌ನದಲ್ಲ, ಸಿಗ್ನಲ್ ಮತ್ತು ನಾಯ್ಸ್ ಎರಡರ ಮೊತ್ತ. ತಪ್ಪು ಸುಮಾರು ಒಂದೂವರೆ ಡಿಬಿ. ಆರ್‌ಬಿಡಬ್ಲ್ಯೂ ಅನ್ನು 1 ಕಿಲೋಹರ್ಟ್ಸ್‌ಗೆ ಇಳಿಸಿದರೆ ನಾಯ್ಸ್ ಇನ್ನೂ 10 ಡಿಬಿ ಕೆಳಗೆ, −70ಕ್ಕೆ ಹೋಗುತ್ತದೆ. ಮಾಡ್ಯುಲೇಶನ್ ಇಲ್ಲದ ಸಿಗ್ನಲ್ ಅಷ್ಟೇ ಎತ್ತರದಲ್ಲಿ ಉಳಿಯುತ್ತದೆ. ಮೇಲೆ ಕೊಟ್ಟ ನಾಲ್ಕೂ ಓದುಗಳು ಹೀಗೆಯೇ ತೆಗೆದವು:

```
CENTER   290 MHz
SPAN     100 kHz
RBW      1 kHz
DETECTOR RMS
ATTEN    MANUAL
```

ಸ್ಪ್ಯಾನ್ ಕಿರಿದಾಗಿಟ್ಟದ್ದಕ್ಕೆ ಕಾರಣ ಸ್ವೀಪ್ ಸಮಯ. ಹಳೆಯ ಮಾದರಿಯ ಫಿಲ್ಟರ್ ಇರುವ ಅನಲೈಸರ್‌ಗಳಲ್ಲಿ ಅದು ಸುಮಾರು 2.5 × ಸ್ಪ್ಯಾನ್ ÷ ಆರ್‌ಬಿಡಬ್ಲ್ಯೂ ವರ್ಗ. ಇಲ್ಲಿ ಕಾಲು ಸೆಕೆಂಡು ಸಾಕು. ಅದೇ 100 ಮೆಗಾಹರ್ಟ್ಸ್ ಸ್ಪ್ಯಾನ್ ಇಟ್ಟರೆ ನಾಲ್ಕು ನಿಮಿಷ ದಾಟುತ್ತದೆ, ರೇಡಿಯೋ ಬಿಸಿಯಾಗಿ ಪವರ್ ಕುಸಿಯುತ್ತದೆ. ಬೇಗ ಆಗಲೆಂದು ಸ್ವೀಪನ್ನು ಬಲವಂತವಾಗಿ ವೇಗ ಮಾಡಿದರೆ ಫಿಲ್ಟರ್‌ಗೆ ತುಂಬಿಕೊಳ್ಳಲು ಸಮಯ ಸಿಗದೆ ಗೆರೆ ಗಿಡ್ಡವಾಗಿ, ಸ್ವಲ್ಪ ಬಲಕ್ಕೆ ಸರಿದು ಕಾಣುತ್ತದೆ. ಪರದೆಯ ಮೂಲೆಯಲ್ಲಿ `UNCAL` ಎಂದು ಬಂದರೆ ಆ ಓದನ್ನು ಬರೆದುಕೊಳ್ಳುವುದೇ ಬೇಡ.

50 ಡಿಬಿಯಲ್ಲೂ ಗೆರೆ 1.1 ಡಿಬಿ ಅಲುಗಿದ್ದರಿಂದ ನನಗೆ ಸಮಾಧಾನವಾಗಲಿಲ್ಲ. 10 ಡಿಬಿ ಹೆಜ್ಜೆಗೆ 0.3 ಡಿಬಿಗಿಂತ ಹೆಚ್ಚು ಅಲುಗಿದರೆ ಆ ಓದನ್ನು ನಾನು ಒಪ್ಪುವುದಿಲ್ಲ. ಇಂಥಲ್ಲಿ ಸರಿಯಾದ ದಾರಿ ಹೈಪಾಸ್ ಫಿಲ್ಟರ್. ನಾನು ಬಳಸಿದ್ದು 145ನ್ನು 45 ಡಿಬಿ ತಗ್ಗಿಸಿ 290ನ್ನು 0.8 ಡಿಬಿ ನಷ್ಟದಲ್ಲಿ ಬಿಡುತ್ತದೆ. ಅದರ ಜಾಗ 30 ಡಿಬಿ ಅಟೆನ್ಯುಯೇಟರ್ ಆದಮೇಲೆ, ಎಂದೂ ಮುಂಚೆ ಅಲ್ಲ. ಫಿಲ್ಟರ್ ತಾನು ಬಿಡದ ಪವರನ್ನು ನುಂಗುವುದಿಲ್ಲ, ಹಿಂದಕ್ಕೆ ತಳ್ಳುತ್ತದೆ. ನಡುವೆ ಅಟೆನ್ಯುಯೇಟರ್ ಇಲ್ಲದಿದ್ದರೆ 5 ವ್ಯಾಟ್ ಪೂರ್ತಿ ರೇಡಿಯೋದ ಫೈನಲ್ ಟ್ರಾನ್ಸಿಸ್ಟರ್‌ಗೇ ವಾಪಸು ಹೋಗುತ್ತದೆ.

ಫಿಲ್ಟರ್ ಬಂದಮೇಲೆ ಇನ್‌ಪುಟ್‌ಗೆ ಮುಟ್ಟುವ ಮೂಲ ಸಿಗ್ನಲ್ −38.5 ಡಿಬಿಎಂ ಮಾತ್ರ. ಒಳ ಅಟೆನ್ಯುಯೇಶನ್ 10 ಡಿಬಿಗೆ ಇಳಿಸಿದರೂ ಮಿಕ್ಸರ್‌ನ ಹಾರ್ಮಾನಿಕ್ ನಾಯ್ಸ್‌ನ ಕೆಳಗೆ ಮುಳುಗಿರುತ್ತದೆ, ನಾಯ್ಸ್ −110ಕ್ಕೆ ಇಳಿಯುತ್ತದೆ. ಈಗ ಬಂದ ಓದು −57.2 ಡಿಬಿಎಂ. 20 ಡಿಬಿಗೆ ಏರಿಸಿದರೂ ಅಷ್ಟೇ. ಅಟೆನ್ಯುಯೇಶನ್ 0 ಮಾಡಲು ಮನಸ್ಸಾಗುತ್ತದೆ, ಮಾಡುವುದಿಲ್ಲ. 0ಯಲ್ಲಿ ಮಿಕ್ಸರ್ ನೇರವಾಗಿ ಕೇಬಲ್‌ಗೆ ತೆರೆದುಕೊಂಡು ಇನ್‌ಪುಟ್‌ನ ಮ್ಯಾಚ್ ಕೆಡುತ್ತದೆ. ಎಸ್‌ಡಬ್ಲ್ಯೂಆರ್ 3 ಇರುವ ಇನ್‌ಪುಟ್‌ಗೆ 1.5 ಇರುವ ಮೂಲ ಸೇರಿದರೆ ಮಿಸ್‌ಮ್ಯಾಚ್ ಒಂದರಿಂದಲೇ ಸುಮಾರು 0.9 ಡಿಬಿವರೆಗೆ ತಪ್ಪಬಹುದು. ಇನ್‌ಪುಟ್ ಕೂಡ 1.5 ಆಗಿದ್ದರೆ ಆ ತಪ್ಪು 0.35 ಡಿಬಿಗೆ ಇಳಿಯುತ್ತದೆ.

ಇನ್ನೊಂದು ಪರೀಕ್ಷೆಯನ್ನು ನಾನು ಎಂದೂ ಬಿಡುವುದಿಲ್ಲ. ಪ್ಲಾಸ್ಟಿಕ್ ಮೈಯ ರೇಡಿಯೋದಿಂದ ಸಿಗ್ನಲ್ ಗಾಳಿಯಲ್ಲೂ ಸೋರುತ್ತದೆ. ಅಟೆನ್ಯುಯೇಟರ್‌ನ ಹೊರಬದಿಯ ಕೇಬಲ್ ಕಳಚಿ, ಕೇಬಲ್‌ನ ತುದಿಗೆ 50 ಓಮ್ ಟರ್ಮಿನೇಟರ್ ಹಾಕಿ ಮತ್ತೆ ಪಿಟಿಟಿ ಒತ್ತುತ್ತೇನೆ. ರೇಡಿಯೋಗೆ ಏನೂ ಆಗದು, 30 ಡಿಬಿ ಅಟೆನ್ಯುಯೇಟರೇ ಅದಕ್ಕೆ ಲೋಡ್. ಈಗ 290ರಲ್ಲಿ ಉಳಿಯುವುದು ಹಿಂದಿನ ಓದಿಗಿಂತ 20 ಡಿಬಿಯಾದರೂ ಕೆಳಗಿರಬೇಕು. ಇಲ್ಲದಿದ್ದರೆ ಕೇಬಲ್ ಆಂಟೆನಾ ಆಗಿದೆ ಎಂದರ್ಥ: ರೇಡಿಯೋವನ್ನು ದೂರ ಸರಿಸಬೇಕು, ಕನೆಕ್ಟರ್ ಬಿಗಿ ಮಾಡಬೇಕು, ಒಳ್ಳೆಯ ಶೀಲ್ಡ್ ಇರುವ ಕೇಬಲ್ ಹುಡುಕಬೇಕು.

ಕೊನೆಗೆ, −57.2 ಎಂಬ ಈ ಸಂಖ್ಯೆಯನ್ನು ಎಷ್ಟು ನಂಬಬಹುದು? ಅನಲೈಸರ್ ತನ್ನ ಕ್ಯಾಲಿಬ್ರೇಟರ್‌ನ ಒಂದೇ ಫ್ರೀಕ್ವೆನ್ಸಿಯಲ್ಲಿ ಚೆನ್ನಾಗಿ ಸರಿಯಿರುತ್ತದೆ. ಅಲ್ಲಿಂದ 290ಕ್ಕೆ ಹೋದಾಗ ಫ್ರೀಕ್ವೆನ್ಸಿ ರೆಸ್ಪಾನ್ಸ್‌ನ ತಪ್ಪು, ಅಟೆನ್ಯುಯೇಟರ್ ಹೆಜ್ಜೆ ಬದಲಿಸಿದಾಗಿನ ತಪ್ಪು, ಸ್ಕೇಲ್‌ನ ಕೆಳಭಾಗದಲ್ಲಿ ಓದುವ ತಪ್ಪು, ಇವುಗಳ ಜೊತೆಗೆ ನಾನೇ ಸೇರಿಸಿದ ಕೇಬಲ್ ಮತ್ತು ಫಿಲ್ಟರ್‌ನ ನಷ್ಟದ ತಪ್ಪು ಕೂಡುತ್ತವೆ. ಒಂದೊಂದನ್ನೂ ಲೆಕ್ಕ ಹಾಕುತ್ತಾ ಕೂರುವ ಬದಲು ನಾನು ತಕ್ಕಡಿಯ ವಿಧಾನ ಹಿಡಿಯುತ್ತೇನೆ. ಅನಲೈಸರ್‌ನ ಯಾವ ಬಟನ್ನೂ ಮುಟ್ಟದೆ, ರೇಡಿಯೋ ಕಳಚಿ ಅದೇ ಜಾಗಕ್ಕೆ 290 ಮೆಗಾಹರ್ಟ್ಸ್‌ಗೆ ಇಟ್ಟ ಸಿಗ್ನಲ್ ಜನರೇಟರ್ ಸಿಕ್ಕಿಸುತ್ತೇನೆ. ಪರದೆ ಮತ್ತೆ −57.2 ತೋರಿಸುವವರೆಗೆ ಅದರ ಔಟ್‌ಪುಟ್ ಹೊಂದಿಸಿ, ಜನರೇಟರ್‌ನ ಆ ಕೇಬಲನ್ನೇ ಬಿಚ್ಚಿ ಡಯೋಡ್ ಸೆನ್ಸರ್ ಇರುವ ಪವರ್ ಮೀಟರ್‌ಗೆ ಕೊಡುತ್ತೇನೆ. ಅಲ್ಲಿ ಬಂದದ್ದೇ ರೇಡಿಯೋದ ಹಾರ್ಮಾನಿಕ್. ಮಧ್ಯದ ಅಟೆನ್ಯುಯೇಟರ್, ಕೇಬಲ್, ಫಿಲ್ಟರ್, ಅನಲೈಸರ್ ನಾಲ್ಕೂ ಎರಡು ಸಲವೂ ಒಂದೇ ರೀತಿ ತಪ್ಪುವುದರಿಂದ ಆ ತಪ್ಪುಗಳು ಹೊಡೆದುಹೋಗುತ್ತವೆ. ಉಳಿಯುವುದು ಮುಖ್ಯವಾಗಿ ಪವರ್ ಮೀಟರ್‌ನ ತಪ್ಪು ಮತ್ತು ಮೊದಲ ಕನೆಕ್ಟರ್‌ನ ಮಿಸ್‌ಮ್ಯಾಚ್.

ಪವರ್ ಮೀಟರ್ −25.8 ಡಿಬಿಎಂ ಎಂದಿತು. ಮೂಲಕ್ಕಿಂತ 62.6 ಡಿಬಿ ಕೆಳಗೆ, ಮಿತಿಗಿಂತ 12.8 ಡಿಬಿ ಒಳಗೆ. ಅನಲೈಸರ್ ಆಟೋದಲ್ಲಿ ತೋರಿಸಿದ್ದ −45.2ಕ್ಕೆ 30.6 ಕೂಡಿಸಿದ್ದರೆ ಬರುತ್ತಿದ್ದದ್ದು −14.6 ಡಿಬಿಎಂ, ಮಿತಿಗೆ ಒಂದೂವರೆ ಡಿಬಿ ಅಂತರ. ಅದನ್ನು ನಂಬಿದ್ದರೆ ಏನೂ ಕೆಟ್ಟಿರದ ರೇಡಿಯೋವನ್ನು ಬಿಚ್ಚಿ ಔಟ್‌ಪುಟ್ ಫಿಲ್ಟರ್‌ನ ಕಾಯಿಲ್‌ಗಳನ್ನು ತಿದ್ದಬೇಕಾಗುತ್ತಿತ್ತು.