ಪ್ರಿಂಟೆಡ್ ಪೌಚ್ ಬೇಡ ಅಂದೆ, ಪಾರ್ಟಿ ಮಾತ್ರ ಕೈ ಬಿಡಲಿಲ್ಲ

ಪೌಚ್ ಕೊಡುವ ಪಾರ್ಟಿಗೆ "ಈ ಆರ್ಡರ್ ಬೇಡ" ಅಂತ ನೇರವಾಗಿ ಬರೆದು ಕಳಿಸುತ್ತೇನೆ ಅಂದಾಗ ನಮ್ಮ ಭಾವ ತಲೆ ಚಚ್ಚಿಕೊಂಡರು. "ಹಂಗೆಲ್ಲ ಬರೆದು ಕೊಡಬೇಡ ಮಾರಾಯ. ನೋಡೋಣ ಅನ್ನು, ಅವರೇ ಮರೀತಾರೆ" ಅಂದರು. ಪಕ್ಕದ ಅಂಗಡಿಯವರದ್ದೂ ಅದೇ ಮಾತು. ಆದರೂ ನಾನು ಬರೆದೇ ಕಳಿಸಿದೆ. ಇವತ್ತಿಗೂ ಅದೇ ಪಾರ್ಟಿಯಿಂದ ನಮಗೆ ಪ್ಲೇನ್ ಪೌಚ್ ಬರುತ್ತಿದೆ. ಮೊದಲು ಹದಿನೈದು ದಿನಕ್ಕೆ ದುಡ್ಡು ಕೇಳುತ್ತಿದ್ದವರು ಈಗ ಒಂದು ತಿಂಗಳು ಬಿಡುತ್ತಾರೆ. ಹಾಗಾಗಿ ಹೇಗೆ ಮಾಡಿದೆ ಅಂತ ಬರೆದಿಡುತ್ತಿದ್ದೇನೆ.

ನಮ್ಮದು ಚಿಕ್ಕಮಗಳೂರಿನಲ್ಲಿ ಸಣ್ಣ ಕಾಫಿಪುಡಿ ವ್ಯಾಪಾರ. ತಿಂಗಳಿಗೆ ನಾನೂರು ಕೆಜಿ ಆಸುಪಾಸು. ಕಾಲು ಕೆಜಿ ಪ್ಯಾಕೆಟ್ ಸಾವಿರ, ಅರ್ಧ ಕೆಜಿಯದ್ದು ಮುನ್ನೂರು ಹೋಗುತ್ತದೆ. ಪುಡಿಯಿಂದ ಏಳುವ ಗಾಳಿ ಹೊರಗೆ ಹೋಗಲು ವಾಲ್ವ್ ಇರುವ ಪ್ಲೇನ್ ಪೌಚ್ ತಂದು ಮೇಲೆ ಸ್ಟಿಕ್ಕರ್ ಅಂಟಿಸುತ್ತೇವೆ. 2024ರ ಕೊನೆಯಲ್ಲಿ ಬೆಂಗಳೂರಿನ ಪಾರ್ಟಿ ಅಂಗಡಿಗೇ ಬಂದು ಪ್ರಿಂಟೆಡ್ ಪೌಚ್‌ಗೆ ಕೊಟೇಶನ್ ಕೊಟ್ಟರು. ಎರಡು ಸೈಜು, ಆರು ಬಣ್ಣ. ಪ್ರಿಂಟ್ ಹಾಕಲು ಸೈಜಿಗೆ, ಬಣ್ಣಕ್ಕೊಂದು ಅಚ್ಚಿನ ಸಿಲಿಂಡರ್, ಒಂದೊಂದಕ್ಕೆ ನಾಲ್ಕೂವರೆ ಸಾವಿರದ ಹಾಗೆ. ಅಲ್ಲಿಗೆ ಹನ್ನೆರಡು ಸಿಲಿಂಡರ್‌ಗೆ ಐವತ್ತೈದು ಸಾವಿರದ ಹತ್ತಿರ. ಪ್ರತಿ ಸೈಜಿಗೆ ಕನಿಷ್ಠ ಇನ್ನೂರು ಕೆಜಿ ಫಿಲ್ಮ್. ಕಾಲು ಕೆಜಿ ಪೌಚ್ ಆದರೆ ಇಪ್ಪತ್ತು ಸಾವಿರ ಪೀಸ್, ಅರ್ಧ ಕೆಜಿಯದ್ದು ಹದಿಮೂರು ಸಾವಿರ. ಎಲ್ಲ ಸೇರಿ ಜಿಎಸ್‌ಟಿ ಬಿಟ್ಟೇ ಮೂರು ಲಕ್ಷ ದಾಟುತ್ತಿತ್ತು, ಅರ್ಧ ಅಡ್ವಾನ್ಸ್.

ರೇಟ್ ತಪ್ಪೇನಿರಲಿಲ್ಲ. ಕಾಲು ಕೆಜಿ ಪ್ರಿಂಟೆಡ್ ಪೌಚ್ ಏಳು ರೂಪಾಯಿ. ನಮ್ಮ ಪ್ಲೇನ್ ಪೌಚ್ ಮತ್ತು ಸ್ಟಿಕ್ಕರ್ ಸೇರಿ ಒಂಬತ್ತೂವರೆ ಬೀಳುತ್ತಿತ್ತು. ಪೀಸಿಗೆ ಎರಡೂವರೆ ಉಳಿತಾಯ, ನೋಡುವುದಕ್ಕೂ ಚೆಂದ. ಆದರೆ ಕಾಲು ಕೆಜಿ ಪೌಚ್ ಖಾಲಿಯಾಗಲು ಇಪ್ಪತ್ತು ತಿಂಗಳು ಬೇಕು. ಅರ್ಧ ಕೆಜಿಯದ್ದು ಮೂರೂವರೆ ವರ್ಷ.

ಅದಕ್ಕಿಂತ ದೊಡ್ಡ ತೊಡಕು ಚಿಕೋರಿ. ಮಿಶ್ರಣದ ಪುಡಿ ಅಂದ ಮೇಲೆ ಕಾಫಿ ಶೇಕಡಾ ಎಷ್ಟು, ಚಿಕೋರಿ ಎಷ್ಟು ಅಂತ ಪ್ಯಾಕೆಟ್ ಮೇಲೆ ಬರೆಯಲೇಬೇಕು, ನಿಮಗೆಲ್ಲ ಗೊತ್ತಿರುವುದೇ. ಆ ಹೊತ್ತಿಗೆ ಅರೇಬಿಕಾ, ರೊಬಸ್ಟಾ ಎರಡರ ಬೆಲೆಯೂ ಏರುತ್ತಲೇ ಇತ್ತು. ನಮ್ಮ 80:20 ಎಷ್ಟು ದಿನ ನಿಲ್ಲುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಅಳತೆ ಬದಲಾದರೆ ಆ ಅಂಕಿ ಇರುವ ಸಿಲಿಂಡರ್ ಸೈಜಿಗೊಂದರಂತೆ ಹೊಸದಾಗಿ ಮಾಡಿಸಬಹುದು, ಅದು ಒಂಬತ್ತು ಸಾವಿರದ ಮಾತು. ಆದರೆ ಆಗಲೇ ಪ್ರಿಂಟ್ ಆಗಿ ಅಟ್ಟದ ಮೇಲೆ ಕೂತಿರುವ ಪೌಚ್ ಗುಜರಿಗೆ.

ಅಂತೂ ಬೇಡ ಅನ್ನುವುದು ನನಗೆ ಎರಡೇ ದಿನದಲ್ಲಿ ಖಾತ್ರಿಯಾಯಿತು. ಹೇಳುವುದು ಹೇಗೆ ಅನ್ನುವುದೇ ತಲೆನೋವು. ದೀಪಾವಳಿ, ಮದುವೆ ಸೀಸನ್‌ನಲ್ಲಿ ವಾಲ್ವ್ ಪೌಚ್ ಸಿಗದೆ ಒದ್ದಾಡುವಾಗ ಕೈ ಹಿಡಿಯುತ್ತಿದ್ದವರು ಇವರೇ. ಇವರನ್ನು ಕಳೆದುಕೊಂಡರೆ ಪೌಚಿಗಾಗಿ ಊರೂರು ಅಲೆಯಬೇಕು. (ಒಮ್ಮೆ ವಾಲ್ವ್ ಇಲ್ಲದ ಪೌಚಿನಲ್ಲೂ ನೋಡಿದ್ದೆ. ಪುಡಿಯನ್ನು ರಾತ್ರಿಯೆಲ್ಲ ತೆರೆದಿಟ್ಟು ಗಾಳಿ ಹೋಗಲಿ ಅಂತ ಬಿಟ್ಟು ಬೆಳಿಗ್ಗೆ ತುಂಬಿದೆವು. ಪ್ಯಾಕೆಟ್ ಉಬ್ಬಲಿಲ್ಲ ನಿಜ, ಘಮವೂ ಅರ್ಧ ಹೋಗಿತ್ತು. ಖಾಯಂ ಗಿರಾಕಿಗಳು ಎರಡನೇ ದಿನವೇ ಕೇಳಿದರು.)

ಈ ಹಿಂದೆ ನಾನು ನೋಡಿದ ದಾರಿಗಳೆಲ್ಲ ಕೈ ಕೊಟ್ಟಿದ್ದವು. "ನೋಡೋಣ" ಅನ್ನುವುದು ಎಲ್ಲಕ್ಕಿಂತ ಕೆಟ್ಟದ್ದು. ಮೆಷಿನ್ ಮಾರುವ ಒಬ್ಬರಿಗೆ ಹಾಗೆ ಹೇಳಿದ್ದೆ. ಪಾಪ, ಆ ಮನುಷ್ಯ ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದರು. ನಾನು ಎತ್ತುತ್ತಿರಲಿಲ್ಲ. ಕೊನೆಗೆ ನನ್ನ ಹಳೇ ಮೆಷಿನ್‌ಗೆ ಬೆಲ್ಟ್ ಬೇಕಾದಾಗ ಅವರು ಫೋನ್ ಎತ್ತಲಿಲ್ಲ. "ರೇಟ್ ಜಾಸ್ತಿ ಆಯ್ತು" ಅನ್ನುವುದು ಎರಡನೆಯದು. ಇನ್ನೊಬ್ಬರಿಗೆ ಹಾಗಂದೆ. ಸಂಜೆಗೇ ಎಂಟು ಪರ್ಸೆಂಟ್ ಇಳಿಸಿದರು, ಮರುದಿನ ಇನ್ನೊಂದಿಷ್ಟು ಇಳಿಸಿದರು. ಅಷ್ಟಾದ ಮೇಲೆ ಬೇಡ ಅಂದರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ. ನನ್ನ ಮಾತಿಗೆ ಅವರು ತಮ್ಮ ಯಜಮಾನರ ಹತ್ತಿರ ಬೇಡಿ ರೇಟ್ ಇಳಿಸಿಕೊಂಡು ಬಂದಿದ್ದರು. ಬೇರೆಯವರ ಕೊಟೇಶನ್ ತೋರಿಸುವ ಚಾಳಿಯೂ ಕೆಲವರಿಗಿದೆ. ಅದನ್ನಂತೂ ಮಾಡಲೇಬೇಡಿ. ಇವತ್ತು ಅವರದ್ದು ಇವರಿಗೆ ತೋರಿಸಿದವನು ನಾಳೆ ನನ್ನದೂ ತೋರಿಸುತ್ತಾನೆ ಅಂತ ಲೆಕ್ಕ ಹಾಕುತ್ತಾರೆ. ಆಮೇಲೆ ಒಳ್ಳೇ ರೇಟ್ ಬಾಯಿ ಬಿಟ್ಟು ಹೇಳುವುದೇ ಇಲ್ಲ.

ಹಾಗಾಗಿ ಈ ಸಲ ಕಾರಣವನ್ನು ಅವರ ಮಾಲಿನಲ್ಲಿ ಹುಡುಕಲಿಲ್ಲ, ನನ್ನ ಅಂಗಡಿಯೊಳಗೇ ಹುಡುಕಿದೆ. ರೇಟ್ ಅವರ ಕೈಯಲ್ಲಿದೆ, ಕ್ವಾಂಟಿಟಿಯೂ ಅಷ್ಟಿಷ್ಟು ಅವರ ಕೈಯಲ್ಲಿದೆ. ನನ್ನ ಪುಡಿಯ ಅಳತೆ ಅವರ ಕೈಯಲ್ಲಿಲ್ಲ. ಅವರಿಗೆ ಸರಿಪಡಿಸಲು ಆಗದ ಕಾರಣ ಕೊಟ್ಟರೆ ಮಾತು ಬೇಗ ಮುಗಿಯುತ್ತದೆ, ಯಾರ ಮುಖವೂ ಕೆಡುವುದಿಲ್ಲ. ಆದರೆ ಕಾರಣ ನಿಜವಾಗಿರಬೇಕು. ಚಿಕ್ಕಮಗಳೂರು ಎಷ್ಟು ದೊಡ್ಡದು, ನಾಲ್ಕು ಅಂಗಡಿ ಸುತ್ತಿದರೆ ಎಲ್ಲರ ಸುದ್ದಿಯೂ ಸಿಗುತ್ತದೆ.

ಬೇಡ ಅನ್ನುವ ಮೊದಲು ಎರಡು ಕೆಲಸ ಮುಗಿಸಿದೆ. ಹಳೇ ಬಿಲ್ ಒಂದು, ಹನ್ನೊಂದು ಸಾವಿರದ ಚಿಲ್ಲರೆ ಬಾಕಿ ಇತ್ತು. ಇನ್ನೂ ವಾಯಿದೆ ಇದ್ದರೂ ಅವತ್ತೇ ಹಾಕಿದೆ. ದುಡ್ಡು ಬಾಕಿ ಇಟ್ಟುಕೊಂಡು ಬೇಡ ಅಂದರೆ, ಇವನು ಪಾರ್ಟಿ ಬದಲಾಯಿಸಿ ಕೈ ಎತ್ತುತ್ತಾನೆ ಅಂತ ಅವರಿಗೆ ಅನುಮಾನ ಬರುವುದು ಸಹಜ. ಇನ್ನೊಂದು, ಡಿಸೈನ್. ಅವರ ಹುಡುಗ ಆಗಲೇ ಒಂದು ಡಿಸೈನ್ ಮಾಡಿ, ಡಮ್ಮಿ ಪೌಚ್ ಕೂಡ ಕಳಿಸಿದ್ದ. ಬಿಟ್ಟಿ ಅಂದಿದ್ದರು. ಬಿಟ್ಟಿ ಕೆಲಸದ ಋಣ ಇದ್ದರೆ ಬೇಡ ಅನ್ನಲು ಬಾಯಿ ಬರಲ್ಲ. ಸಾವಿರದೈನೂರು ಕೊಡುತ್ತೇನೆ ಅಂದೆ. ಮೊದಲು ಬೇಡ ಅಂದರು, ಆ ಹುಡುಗನಿಗೆ ಅಂದಾಗ ತೆಗೆದುಕೊಂಡರು. ಫೈಲ್ ನನಗೆ ಬಂತು. ಅದನ್ನೇ ಸ್ಟಿಕ್ಕರ್‌ಗೆ ಬಳಸಿಕೊಂಡೆ, ಈಗ ನಮ್ಮ ಪ್ಯಾಕೆಟ್ ಮೇಲಿರುವುದು ಅದೇ ಡಿಸೈನ್. ಡಮ್ಮಿಯನ್ನು ಬಸ್ಸಿನ ಪಾರ್ಸಲ್‌ನಲ್ಲಿ ವಾಪಸ್ ಹಾಕಿದೆ.

ಆಮೇಲೆ ಫೋನ್. ಮಧ್ಯಾಹ್ನ ಊಟದ ನಂತರ, ಅವರು ಬೇರೆ ಅಂಗಡಿಯಲ್ಲಿ ಇಲ್ಲದ ಹೊತ್ತು ನೋಡಿ ಮಾಡಿದೆ. ಮೊದಲ ವಾಕ್ಯದಲ್ಲೇ ಬೇಡ ಅಂದೆ. ಕುಶಲ ಕೇಳಿ, ಮಳೆ ಕೇಳಿ, ಆಮೇಲೆ ಬೇಡ ಅಂದರೆ ಅವರಿಗೆ ಹಿಂಸೆ. ಫೋನ್ ಇಟ್ಟ ಕೂಡಲೇ ವಾಟ್ಸಾಪ್‌ನಲ್ಲಿ ಇದನ್ನು ಹಾಕಿದೆ:

"ನಮಸ್ಕಾರ. ಫೋನಿನಲ್ಲಿ ಹೇಳಿದ ಹಾಗೆ ಪ್ರಿಂಟೆಡ್ ಪೌಚ್ ಆರ್ಡರ್ ಈಗ ಮಾಡುತ್ತಿಲ್ಲ. ನಿಮ್ಮ ರೇಟ್, ಮಾಲು ಎರಡೂ ಚೆನ್ನಾಗಿವೆ. ನಮ್ಮ ಕಾಫಿ, ಚಿಕೋರಿ ಅಳತೆ ಈ ವರ್ಷ ಬದಲಾಗಬಹುದು, ಆಗ ಪ್ರಿಂಟ್ ಆದ ಪೌಚ್ ಉಪಯೋಗಕ್ಕೆ ಬರಲ್ಲ. ರೇಟ್ ಇಳಿಸಿದರೂ ಉತ್ತರ ಇದೇ, ದಯವಿಟ್ಟು ಅದಕ್ಕಾಗಿ ಓಡಾಡಬೇಡಿ. ಪ್ಲೇನ್ ಪೌಚ್ ಎಂದಿನಂತೆ ಕಳಿಸುತ್ತಿರಿ. ಕಾಲು ಕೆಜಿ ಪ್ಯಾಕೆಟ್ ತಿಂಗಳಿಗೆ ಮೂರು ಸಾವಿರ ದಾಟಿ, ಅಳತೆ ಒಂದು ವರ್ಷ ನಿಂತರೆ ನಾನೇ ಮೊದಲು ನಿಮಗೆ ಫೋನ್ ಮಾಡುತ್ತೇನೆ."

ಕೊನೆಯ ಸಾಲಿನಲ್ಲಿ ಫೋನ್ ಮಾಡುತ್ತೇನೆ ಅಂತ ಮಾತ್ರ ಇದೆ, ಆರ್ಡರ್ ನಿಮಗೇ ಅಂತ ಇಲ್ಲ. ಪ್ಲೇನ್ ಪೌಚ್ ನಿಮ್ಮಿಂದಲೇ ಅಂತಲೂ ಬರೆದಿಲ್ಲ. ಬೇಡ ಅನ್ನುವ ಸಂಕಟದಲ್ಲಿ ಮನುಷ್ಯ ಕೈಲಾಗದ್ದನ್ನೆಲ್ಲ ಒಪ್ಪಿಕೊಂಡುಬಿಡುತ್ತಾನೆ. ಮತ್ತೆ, "ಮುಂದೆ ನೋಡೋಣ" ಅನ್ನುವ ಬದಲು ಮೂರು ಸಾವಿರ ಅಂತ ಅಂಕಿ ಕೊಟ್ಟೆ. ಅಂಕಿ ಇದ್ದರೆ ಅವರೂ ಸುಮ್ನೆ ಫೋನ್ ಮಾಡಲ್ಲ.

ವಾಯ್ಸ್ ಮೆಸೇಜ್ ಕೂಡ ಬೇರೊಬ್ಬರಿಗೆ ಒಮ್ಮೆ ಹಾಕಿ ನೋಡಿದ್ದೆ, ಟೈಪ್ ಮಾಡುವ ಸೋಮಾರಿತನಕ್ಕೆ. ಅದನ್ನು ಅವರು ತಮ್ಮ ಯಜಮಾನರಿಗೆ ಕಳಿಸಿದರು. ಹಿಂದೆ ಗ್ರೈಂಡರ್ ಸದ್ದು, ನಾನು ಜೋರಾಗಿ ಮಾತಾಡಿದ್ದು ಅಲ್ಲಿ ಬೈದ ಹಾಗೆ ಕೇಳಿಸಿತಂತೆ. ಆಮೇಲಿಂದ ಬರಹವೇ.

ಪಾರ್ಟಿ ಸುಮ್ಮನಾದರಾ? ಇಲ್ಲ. ವಾರ ಬಿಟ್ಟು ಫೋನ್. "ಸಾರ್, ಅಳತೆಯ ಜಾಗ ಖಾಲಿ ಬಿಟ್ಟು ಪ್ರಿಂಟ್ ಮಾಡಿ ಕೊಡ್ತೀವಿ, ನೀವೇ ಸೀಲ್ ಹೊಡ್ಕೊಳ್ಳಿ. ಕ್ವಾಂಟಿಟಿನೂ ಅರ್ಧ ಮಾಡ್ತೀವಿ." ಬುದ್ಧಿವಂತರು! ಅವರಿಗೆ ಸರಿಪಡಿಸಲು ಆಗಲ್ಲ ಅಂದುಕೊಂಡಿದ್ದ ಕಾರಣಕ್ಕೂ ದಾರಿ ಹುಡುಕಿದ್ದರು. ಎಲ್ಲರೂ ಜಾರುವುದು ಇಲ್ಲಿಯೇ. ಬಾಯಿಗೆ ತಕ್ಷಣ ಎರಡನೇ ಕಾರಣ ಬರುತ್ತದೆ: ಅಟ್ಟದಲ್ಲಿ ಜಾಗ ಇಲ್ಲ, ಇಲಿ ಕಾಟ, ಮನೆಯಲ್ಲಿ ಒಪ್ಪಲ್ಲ. ಎರಡನೇ ಕಾರಣ ಹೇಳಿದ ಕ್ಷಣ ಮೊದಲನೆಯದು ಸುಳ್ಳಾಯಿತು, ಮತ್ತು ಮೂರನೆಯದನ್ನೂ ಕೇಳಲು ಅವರಿಗೆ ದಾರಿ ಆಯಿತು. ನಾನು ಅಂದದ್ದು ಇಷ್ಟೇ: "ನಿಮ್ಮ ಯೋಚನೆ ಚೆನ್ನಾಗಿದೆ. ಆದರೆ ಈ ವರ್ಷಕ್ಕೆ ತೀರ್ಮಾನ ಆಗಿದೆ, ಬದಲಾಯಿಸಲ್ಲ." ಅದಾದ ಮೇಲೆ ಇನ್ನೊಂದು ಮಾತು ಕೇಳಿದೆ, ಅದಕ್ಕೆ ಅವರು ನಕ್ಕುಬಿಟ್ಟರು. ಆ ಮಾತು ಮಾತ್ರ ನನ್ನ ಹತ್ತಿರವೇ ಇರಲಿ, ಇಲ್ಲಿರುವ ಎಷ್ಟೋ ಜನ ಅವರ ಹತ್ತಿರವೇ ಪೌಚ್ ತೆಗೆದುಕೊಳ್ಳುತ್ತೀರಿ.

ನಾಲ್ಕೈದು ತಿಂಗಳಲ್ಲಿ ಬೀಜದ ಬೆಲೆ ತಾಳಲಾರದೆ ನಾವು 75:25ಕ್ಕೆ ಇಳಿದೆವು. ಸ್ಟಿಕ್ಕರ್ ಬದಲಾಯಿಸಿದ್ದಕ್ಕೆ ಖರ್ಚು ಎರಡು ಸಾವಿರದೊಳಗೆ. ಭಾವನವರಿಗೆ ಲೆಕ್ಕ ತೋರಿಸಿದೆ, ಅವರು ಕಾಫಿ ಕುಡಿದು ಎದ್ದು ಹೋದರು.

2025ರ ದೀಪಾವಳಿಗೆ ಮಾಲು ಟೈಟ್ ಆದಾಗ ಅವರೇ ಫೋನ್ ಮಾಡಿ, ಬೇರೆಯವರು ಹೇಳಿ ಎತ್ತದೆ ಬಿಟ್ಟ ಎರಡು ಬಂಡಲ್ ಪೌಚ್ ಇದೆ, ಹಾಕಲಾ ಅಂದರು. ಅದೂ ಹಳೇ ರೇಟಿಗೆ. ಈಚೆಗೆ ಸಿಲಿಂಡರ್ ಇಲ್ಲದೆ ಡಿಜಿಟಲ್ ಪ್ರಿಂಟ್‌ನಲ್ಲಿ ಸಾವಿರ ಪೀಸ್ ಕೂಡ ಮಾಡಿಕೊಡುತ್ತೇವೆ ಅಂತ ಬಂದಿದ್ದರು. ಪೀಸಿಗೆ ಹದಿನಾಲ್ಕು ರೂಪಾಯಿ. ದಿನದ ಪ್ಯಾಕೆಟ್‌ಗೆ ಅದೂ ಬೇಡ ಅಂದೆ, ಗಿಫ್ಟ್ ಪ್ಯಾಕಿಗೆ ಮಾತ್ರ ಸಾವಿರ ಮಾಡಿಸಿದೆ. ಈ ಸಲ ಮಾತು ಐದು ನಿಮಿಷದಲ್ಲಿ ಮುಗಿಯಿತು.

ಇದು ಎಲ್ಲ ಕಡೆ ನಡೆಯುತ್ತದೆ ಅಂತ ಹೇಳಲಾರೆ. ಯಜಮಾನರೇ ಫೋನ್ ಎತ್ತುವ ಸಣ್ಣ ಪಾರ್ಟಿಗಳ ಹತ್ತಿರ ಚೆನ್ನಾಗಿ ನಡೆಯುತ್ತದೆ. ದೊಡ್ಡ ಕಂಪನಿಯ ಸೇಲ್ಸ್ ಹುಡುಗರಿಗೆ ತಿಂಗಳ ಟಾರ್ಗೆಟ್ ಇರುತ್ತದೆ, ವರ್ಷದಲ್ಲಿ ಹುಡುಗನೇ ಬದಲಾಗುತ್ತಾನೆ. ನೀವು ಎಷ್ಟು ಮರ್ಯಾದೆಯಿಂದ ಬೇಡ ಅಂದರೂ ಮುಂದೆ ಬರುವವನಿಗೆ ಗೊತ್ತಿರಲ್ಲ. ಹಾಸನದ ಸ್ನೇಹಿತರೊಬ್ಬರು ನನ್ನ ಮೆಸೇಜನ್ನೇ ಅಂಥ ಕಂಪನಿಗೆ ಹಾಕಿದರು, ಮೂರು ತಿಂಗಳಿಗೆ ಹೊಸ ಹುಡುಗ ಅದೇ ಕೊಟೇಶನ್ ಹಿಡಿದು ಬಂದ. ಅಂಥವರಿಗೆ ಮೆಸೇಜ್ ಜೊತೆಗೆ ಆಫೀಸಿನ ಇಮೇಲಿಗೂ ಒಂದು ಪ್ರತಿ ಹಾಕಿಡಿ, ಹೊಸಬ ಬಂದಾಗ ಅದನ್ನೇ ತೆಗೆದು ತೋರಿಸಬಹುದು.