ಕಿಟಕಿ ಗಾಜಿನ ಅಳತೆ: ನಡುವಿನ ಪಟ್ಟಿಯನ್ನು ಮರೆಯಬೇಡಿ

ಉಡುಪಿಯ ನಮ್ಮ ಮನೆಗೆ ಗಾಜು ಆರ್ಡರ್ ಮಾಡುವಾಗ ನಾನು ಎಡವಿದ್ದು ಇಲ್ಲೇ. ಮರದ ಫ್ರೇಮಿನ ಹೊರ ಅಳತೆ ಅಗಲ 1200, ಎತ್ತರ 1050 ಮಿ.ಮೀ. ಮರದ ದಪ್ಪ 60. ಎರಡು ಬದಿಯದನ್ನು ಮಾತ್ರ ಕಳೆದೆ. ನಡುವೆ ಒಂದು ಪಟ್ಟಿ ಇತ್ತಲ್ವಾ! ಗಾಜು ತಲಾ 30 ಮಿ.ಮೀ. ಜಾಸ್ತಿಯಾಯಿತು.

ಸರಿಯಾದ ಲೆಕ್ಕ ಹೀಗೆ. ಅಗಲದಲ್ಲಿ ಮೂರು ಮರ, ಅಂದರೆ 180 ಕಳೆದರೆ 1020. ಎರಡು ಭಾಗ ಮಾಡಿದರೆ 510. ಎತ್ತರದಲ್ಲಿ 120 ಕಳೆದರೆ 930. ಗಾಜು ಕೂರುವ ಕಚ್ಚು ಪ್ರತಿ ಬದಿಗೆ 10 ಇದ್ದರೆ 530, 950. ಅದರಲ್ಲಿ 3 ಮಿ.ಮೀ. ಬಿಡಿ: 527 × 947. ನಮ್ಮ ಮಳೆಗೆ ಮರ ಉಬ್ಬುತ್ತದೆ, ಬಿಗಿಯಾಗಿ ಕೂತ ಗಾಜು ಸುಮ್ನೆ ಬಿರುಕು ಬಿಡುತ್ತದೆ. ಇಂಥ ಕಿಟಕಿ ಐದಿದ್ದರೆ ಗಾಜು ಹತ್ತು.

ಮೂಲೆಯಿಂದ ಎದುರು ಮೂಲೆಗೂ ಓರೆಯಾಗಿ ಟೇಪ್ ಹಿಡಿಯಿರಿ. ಎರಡು ಓರೆ ಅಳತೆ ಬೇರೆ ಬೇರೆ ಬಂದರೆ ಫ್ರೇಮು ಸೊಟ್ಟ. ಆ ಕಿಟಕಿಯನ್ನು ಬೇರೆಯಾಗಿಯೇ ಅಳೆಯಿರಿ.