ಮುಂಬೈಯಲ್ಲಿ ಎರಡು ಬೇರೆ ಟಿಕೆಟ್: ಬ್ಯಾಗ್ ತಾನಾಗಿ ಮುಂದೆ ಹೋಗುವುದಿಲ್ಲ

ಕಾರವಾರ, ಭಟ್ಕಳದ ಕಡೆಯಿಂದ ಗಲ್ಫ್‌ಗೆ ಹೊರಡುವವರು ಗೋವಾ–ಮುಂಬೈ ಒಂದು ಟಿಕೆಟ್, ಮುಂಬೈ–ಮಸ್ಕತ್ ಇನ್ನೊಂದು ಟಿಕೆಟ್ ತೆಗೆದುಕೊಳ್ಳುವುದಿದೆ. ಹೀಗೆ ಮಾಡಿದರೆ ಗೋವಾದಲ್ಲಿ ಕೊಟ್ಟ ಬ್ಯಾಗ್ ಸಾಮಾನ್ಯವಾಗಿ ಮುಂಬೈವರೆಗೆ ಮಾತ್ರ ಬರುತ್ತದೆ. ಟ್ಯಾಗ್ ಕೈಗೆ ಬಂದ ಕೂಡಲೇ ಯಾವ ಊರಿದೆ ನೋಡಿಕೊಳ್ಳಿ.

ಮುಂಬೈಯಲ್ಲಿ ಇಳಿದಾಗ ಬೇರೆ ವಿಮಾನಕ್ಕೆ ಹೋಗುವವರ ಫಲಕ ನೋಡಿ ಆ ಕಡೆ ಹೋಗಬೇಡಿ. ಬೆಲ್ಟ್‌ನಿಂದ ಬ್ಯಾಗ್ ಎತ್ತಿಕೊಂಡು ಹೊರಗೆ ಬರಬೇಕು. ಅಂತರರಾಷ್ಟ್ರೀಯ ವಿಮಾನಗಳು ಟರ್ಮಿನಲ್ 2ರಿಂದ ಹೊರಡುತ್ತವೆ. ನೀವು ಟರ್ಮಿನಲ್ 1ರಲ್ಲಿ ಇಳಿದಿದ್ದರೆ ನಗರದ ರಸ್ತೆಯಲ್ಲೇ ಟ್ಯಾಕ್ಸಿ ಹಿಡಿದು ಹೋಗಬೇಕು. ಸಂಜೆಯ ದಟ್ಟಣೆಯಲ್ಲಿ ಇದಕ್ಕೇ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಟರ್ಮಿನಲ್ 2ರ ಪ್ರವೇಶ ದ್ವಾರದಲ್ಲಿ ಭದ್ರತಾ ಸಿಬ್ಬಂದಿಗೆ ಪಾಸ್‌ಪೋರ್ಟ್ ಜೊತೆ ಎರಡನೇ ಟಿಕೆಟ್ ತೋರಿಸಬೇಕು. ಮೊಬೈಲ್ ಚಾರ್ಜ್ ಮುಗಿದರೆ ಬಾಗಿಲಲ್ಲೇ ನಿಲ್ಲಬೇಕಾದೀತು, ಆದ್ದರಿಂದ ಮುದ್ರಿತ ಪ್ರತಿ ಇರಲಿ.

ಸಮಯದ ಲೆಕ್ಕ ಹೀಗೆ: ಮಸ್ಕತ್ ವಿಮಾನ ರಾತ್ರಿ 9ಕ್ಕೆ ಎಂದರೆ ಕೌಂಟರ್ ಸುಮಾರು 8ಕ್ಕೆ ಮುಚ್ಚುತ್ತದೆ. ಸಂಜೆ 4ಕ್ಕೆ ಇಳಿಯುವ ವಿಮಾನ ಎರಡು ಗಂಟೆ ತಡವಾದರೂ ಬ್ಯಾಗ್, ಟ್ಯಾಕ್ಸಿ ಮುಗಿಸಿ 7.30ಕ್ಕೆ ತಲುಪಬಹುದು. ಐದು ಗಂಟೆಗಿಂತ ಕಡಿಮೆ ಅಂತರ ಬೇಡವೆನ್ನುವುದು ಇದಕ್ಕೇ. ತಪ್ಪಿದರೆ ಎರಡನೇ ಕಂಪನಿಗೆ ಹೊಣೆಯಿಲ್ಲ, ಆ ದುಡ್ಡು ಹೋದಂತೆಯೇ.

ತೂಕವನ್ನೂ ನೋಡಿ. ಗಲ್ಫ್ ಟಿಕೆಟ್‌ನಲ್ಲಿ 30 ಕಿಲೋ ಇದ್ದರೂ ದೇಶೀಯ ಟಿಕೆಟ್‌ನಲ್ಲಿ ಹೆಚ್ಚಾಗಿ 15 ಕಿಲೋ ಮಾತ್ರ. ಹೆಚ್ಚುವರಿ ತೂಕವನ್ನು ಮನೆಯಿಂದಲೇ ಆನ್‌ಲೈನ್‌ನಲ್ಲಿ ಖರೀದಿಸಿದರೆ ಕೌಂಟರ್‌ಗಿಂತ ಅಗ್ಗ.